ಸರ್ಚ್ ಬಾಕ್ಸಿನಲ್ಲಿ ರಾಜಾಪುರಿ ಅರಿಶಿನ

ಸಾಂಗ್ಲಿಯ ಅರಿಶಿನ ವ್ಯಾಪಾರಕ್ಕೆ ತನ್ನದೇ ಒಂದು ಮಾತಿದೆ. ರಾಜಾಪುರಿ, ಸೇಲಂ, ಕೊಂಬು, ಗಡ್ಡೆ, ಸಿಂಗಲ್ ಪಾಲಿಶ್, ಡಬಲ್ ಪಾಲಿಶ್. ಮಾರ್ಕೆಟ್ ಯಾರ್ಡಿನ ಸೌದಾದಲ್ಲಿ ಇವಿಷ್ಟು ಶಬ್ದ ಸಾಕು, ಮಾಲಿನ ಜಾತಿ, ಗುಣ, ದರ ಎಲ್ಲವೂ ಎದುರಿನವನಿಗೆ ಗೊತ್ತಾಗುತ್ತದೆ. ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ ಕಡೆಯಿಂದ ಮಾಲು ತರುವ ಕನ್ನಡದ ರೈತನಿಗೂ ಈ ಮಾತು ಬಾಯಿಪಾಠ. ತೊಂದರೆ ಶುರುವಾಗುವುದು ಇದೇ ಮಾತನ್ನು ಕುಪವಾಡ ಎಂಐಡಿಸಿಯ ಒಂದು ಪುಡಿ ಘಟಕ ಎತ್ತಿಕೊಂಡು ಹೋಗಿ ಅಮೆಜಾನಿನ ಟೈಟಲ್‌ನಲ್ಲಿ ಅಂಟಿಸಿದಾಗ. ಬೆಂಗಳೂರಿನಲ್ಲೋ ಪುಣೆಯಲ್ಲೋ ಅಡುಗೆಮನೆಯಲ್ಲಿ ನಿಂತು ಫೋನು ಒತ್ತುವವರಿಗೆ ಡಬಲ್ ಪಾಲಿಶ್ ಯಾವ ಲೋಕದ್ದೆಂದು ತಿಳಿಯದು. ಅವರು ಅದನ್ನು ಹುಡುಕುವುದಿಲ್ಲ. ಹುಡುಕದ ಶಬ್ದ ಟೈಟಲ್‌ನಲ್ಲಿ ಎಷ್ಟು ದೊಡ್ಡ ಅಕ್ಷರದಲ್ಲಿದ್ದರೇನು?

ಕುಪವಾಡ ಸಾಂಗ್ಲಿ ಮತ್ತು ಮಿರಜ ಎರಡಕ್ಕೂ ನಡುವೆ ಬರುವ ಊರು. 1998ರಲ್ಲಿ ಮೂರನ್ನೂ ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡಿದರು. ಅಥಣಿ, ಕಾಗವಾಡ, ಜತ್ತದ ಕಡೆಯವರಿಗೆ ಇಲ್ಲಿನ ಎಂಐಡಿಸಿ ಹೊಸ ಜಾಗವಲ್ಲ. ಮಶೀನಿನ ಸದ್ದಿನ ನಡುವೆ ಮರಾಠಿ, ಕನ್ನಡ, ಹಿಂದಿ ಮೂರೂ ಓಡಾಡುತ್ತವೆ. ಈ ಮೂರು ಭಾಷೆಯ ಸಂಗತಿ ಮುಂದೆ ನಮಗೆ ಬೇಕಾಗುತ್ತದೆ, ಏಕೆಂದರೆ ಹಳದ, ಅರಿಶಿನ, ಹಲ್ದಿ ಎನ್ನುವ ಮೂವರು ಗಿರಾಕಿಗಳು ಒಂದೇ ಪೊಟ್ಟಣಕ್ಕೆ ಮೂರು ದಾರಿಯಲ್ಲಿ ಬರುತ್ತಾರೆ.

ಇಲ್ಲಿ ಒಂದು ಘಟಕವನ್ನು ಊಹಿಸಿಕೊಳ್ಳೋಣ. ಮಾಲೀಕರು ಅಥಣಿ ಕಡೆಯವರು, ರಾಜಾಪುರಿ ಕೊಂಬನ್ನು ಪುಡಿ ಮಾಡಿ 500 ಗ್ರಾಂ ಪೊಟ್ಟಣದಲ್ಲಿ 180 ರೂಪಾಯಿಗೆ ಆನ್‌ಲೈನ್ ಮಾರುತ್ತಾರೆ. ಮುಂದೆ ಬರುವ ಅಂಕಿಗಳು ಲೆಕ್ಕ ತೋರಿಸಲೆಂದು ನಾನು ಇಟ್ಟವು, ಲೆಕ್ಕದ ರೀತಿ ಮಾತ್ರ ನಿಜವಾದದ್ದು. ಮೊದಲು ಅವರು ಬರೆದ ಟೈಟಲ್ ಹೀಗಿತ್ತು ಎನ್ನೋಣ:

```
DOUBLE POLISH RAJAPURI FINGER TURMERIC FINE GRINDED PREMIUM BEST QUALITY 500GM
```

ಅಂಗಡಿಯ ಲೆಕ್ಕ ನೋಡಿಕೊಳ್ಳುವ ಅಳಿಯ ಇದನ್ನು ಓದಿ ಕೇಳುತ್ತಾನೆ: “ಮಾಮಾ, ನಮ್ಮ ಅವ್ವ ಅಂಗಡ್ಯಾಗ ಹೋಗಿ ಡಬಲ್ ಪಾಲಿಶ್ ಪುಡಿ ಕೊಡ್ರಿ ಅಂತಾಳೇನ್ರಿ?” ಮಾಮಾನ ಉತ್ತರ: “ಹಂಗಾದ್ರ ಮತ್ತೇನಂತ ಕೇಳ್ತಾಳ, ಅದನ್ನರ ಹೇಳು.” ಇಡೀ ಕೆಲಸ ಈ ಉತ್ತರದಲ್ಲೇ ಇದೆ. ಗಿರಾಕಿ ಏನೆಂದು ಕೇಳುತ್ತಾರೆ ಎಂಬುದನ್ನು ಊಹಿಸಬೇಕಾಗಿಲ್ಲ. ಅದು ಎರಡು ಕಡೆ ಬರೆದಿಟ್ಟಿದೆ. ಒಂದು, ಸರ್ಚ್ ಬಾಕ್ಸ್ ತಾನೇ ಕೊಡುವ ಸಜೆಶನ್‌ಗಳಲ್ಲಿ. ಇನ್ನೊಂದು, ಜಾಹೀರಾತಿಗೆ ದುಡ್ಡು ಹಾಕಿದ ಮೇಲೆ ಸಿಗುವ ಸರ್ಚ್ ಟರ್ಮ್ ರಿಪೋರ್ಟಿನಲ್ಲಿ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ. ಸಜೆಶನ್ ಹೇಳುವುದು ಜನ ಏನು ಕೇಳುತ್ತಾರೆಂದು. ರಿಪೋರ್ಟ್ ಹೇಳುವುದು ಹಾಗೆ ಕೇಳಿದವರಲ್ಲಿ ಯಾರು ನಿಮ್ಮ ಮಾಲು ಕೊಂಡರೆಂದು. ಇವೆರಡನ್ನೂ ಒಂದೇ ಎಂದುಕೊಂಡವರು ಟೈಟಲ್ ತುಂಬ ಶಬ್ದ ತುಂಬಿಸಿ ಕೂಡುತ್ತಾರೆ.

ಮೊದಲು ಸಜೆಶನ್ನು ನೋಡೋಣ. ಬಾಕ್ಸಿನಲ್ಲಿ ಎರಡು ಅಕ್ಷರ ಒತ್ತಿದರೆ ಕೆಳಗೆ ಪಟ್ಟಿ ಬೀಳುವ ಈ ವ್ಯವಸ್ಥೆಯನ್ನು ಗೂಗಲ್ 2004ರ ಡಿಸೆಂಬರಿನಲ್ಲಿ ಪ್ರಯೋಗವಾಗಿ ತಂದಿತು. ಕೆವಿನ್ ಗಿಬ್ಸ್ ಎಂಬ ಎಂಜಿನಿಯರ್ ತನ್ನ ಕಚೇರಿ ಸಮಯದ ಒಂದು ಪಾಲಿನಲ್ಲಿ ಮಾಡಿದ್ದು. 2008ರಲ್ಲಿ ಅದು ಗೂಗಲ್‌ನ ಮುಖಪುಟಕ್ಕೇ ಬಂತು. ಈಗ ಅಮೆಜಾನ್, ಫ್ಲಿಪ್‌ಕಾರ್ಟ್, ಯೂಟ್ಯೂಬ್ ಎಲ್ಲದರಲ್ಲೂ ಇದೆ. ಪಟ್ಟಿಯಲ್ಲಿ ಬರುವುದು ಬಹುಪಾಲು ಜನ ನಿಜವಾಗಿ ಹುಡುಕಿದ ಮಾತುಗಳೇ. ಆದರೆ ನೋಡುವವರ ಭಾಷೆ, ಇರುವ ಊರು, ಈಚೆಗೆ ಏರಿದ ಹುಡುಕಾಟ, ಲಾಗಿನ್ ಆಗಿದ್ದರೆ ಅವರದೇ ಹಳೆಯ ಹುಡುಕಾಟ ಇವೆಲ್ಲ ಸೇರಿ ಪಟ್ಟಿ ಅಲುಗಾಡುತ್ತದೆ. ಆದ್ದರಿಂದ ಮಾಲೀಕರು ತಮ್ಮ ಫೋನಿನಲ್ಲೇ ಒತ್ತಿ ನೋಡಿದರೆ ಕಾಣುವುದು ಅರ್ಧ ಲೋಕದ್ದು, ಅರ್ಧ ಅವರದೇ. ದಿನಕ್ಕೆ ಹತ್ತು ಸಲ ತಮ್ಮ ಬ್ರ್ಯಾಂಡನ್ನೇ ಹುಡುಕುವ ಫೋನಿನಲ್ಲಿ ಆ ಬ್ರ್ಯಾಂಡೇ ಮೊದಲು ಬಂದರೆ ಖುಷಿಪಡಲು ಕಾರಣವಿಲ್ಲ.

ಆದ್ದರಿಂದ ಇನ್‌ಕಾಗ್ನಿಟೊ ಕಿಟಕಿ ತೆಗೆದು, ಲಾಗಿನ್ ಆಗದೆ ಕೂಡಬೇಕು. ಮೊದಲು `haldi powder` ಎಂದು ಒತ್ತಿ ಪಟ್ಟಿ ಬರೆದುಕೊಳ್ಳಬೇಕು. ಆಮೇಲೆ ಒಂದು ಸ್ಪೇಸ್ ಬಿಟ್ಟು `a`, ಅದನ್ನು ಅಳಿಸಿ `b`, ಹೀಗೆ ಇಪ್ಪತ್ತಾರೂ ಅಕ್ಷರ. ಆಮೇಲೆ ಕರ್ಸರನ್ನು ಶಬ್ದದ ಮುಂದೆ ತಂದಿಟ್ಟು ಖಾಲಿ ಜಾಗದಲ್ಲಿ ಅಕ್ಷರ ಒತ್ತಿದರೆ, ಗೂಗಲ್‌ನಲ್ಲಿ `haldi`ಗಿಂತ ಮೊದಲು ಜನ ಏನು ಸೇರಿಸುತ್ತಾರೆ ಎಂಬುದು ಕಾಣುತ್ತದೆ. ಇದೇ ಕೆಲಸವನ್ನು `turmeric powder`, `halad`, `arishina`, ಕನ್ನಡ ಲಿಪಿಯ ‘ಅರಿಶಿನ ಪುಡಿ’ ಎಲ್ಲಕ್ಕೂ ಮಾಡಬೇಕು. ಬೇಸರದ ಕೆಲಸ ನಿಜ. ಪಟ್ಟಿಯ ಮೇಲೆ ತಾರೀಖು ಹಾಕುವುದನ್ನು ಮರೆಯಬಾರದು. ಶ್ರಾವಣದಲ್ಲಿ ಅರಿಶಿನ-ಕುಂಕುಮದ ಗಿರಾಕಿ ಬೇರೆ, ಮದುವೆ ಸೀಸನ್ನಿನಲ್ಲಿ ಅರಿಶಿನ ಶಾಸ್ತ್ರದ ಸಾಮಾನು ಹುಡುಕುವವರು ಬೇರೆ, ಅಡುಗೆಯ ಪುಡಿಗೆ ಬರುವವರು ಬೇರೆ. ಮೇ ತಿಂಗಳಿನ ಪಟ್ಟಿ ನೋಡಿ ಆಗಸ್ಟಿನಲ್ಲಿ ಟೈಟಲ್ ಬರೆಯಬಾರದು.

ಹೀಗೆ ಬರೆದ ಪಟ್ಟಿ ನೋಟುಬುಕ್ಕಿನಲ್ಲಿ ನಾಲ್ಕೈದು ಪುಟ ಆಗುತ್ತದೆ. ಅದನ್ನು ಮೇಲಿಂದ ಕೆಳಗೆ ಓದಿದರೆ ಗಿರಾಕಿಯ ಮನಸ್ಸಿನ ಹಲವು ಮೂಲೆ ಕಾಣುತ್ತವೆ. ಕೆಲವರು ಅಳತೆ ಕೇಳುತ್ತಾರೆ: `haldi powder 1kg`, `haldi powder 500g`. ಕೆಲವರು ಬಳಕೆ ಕೇಳುತ್ತಾರೆ: `for face`, `for cooking`, `for milk`. ಕೆಲವರಿಗೆ ಸಂಶಯ: `without colour`, `pure`. ಇನ್ನು ಕೆಲವರಿಗೆ ಜಾತಿಯೇ ಬೇಕು: `lakadong`, `rajapuri`. ಇದರಲ್ಲಿ ಪ್ರತಿಯೊಂದೂ ಒಂದೊಂದು ಬಾಗಿಲು. ಎಲ್ಲ ಬಾಗಿಲಲ್ಲೂ ನಾವೇ ನಿಲ್ಲಬೇಕಾಗಿಲ್ಲ ಅನ್ನುವುದನ್ನು ಪಟ್ಟಿ ಹೇಳುವುದಿಲ್ಲ. ಅದನ್ನು ನಾವು ತಿಳಿಯಬೇಕು.

ಸಾಂಗ್ಲಿಯವರು ಇಲ್ಲಿ ಸುಲಭವಾಗಿ ಎಡವುವ ಒಂದು ಜಾಗವಿದೆ. `sangli turmeric` ಎಂದು ಒತ್ತಿ ನೋಡಿ. ಸಾಂಗ್ಲಿ ಎಂದರೆ ದೇಶದ ದೊಡ್ಡ ಅರಿಶಿನ ಪೇಟೆ, ಆದ್ದರಿಂದ ಈ ಹೆಸರಿನ ಹಿಂದೆ ಜನ ಹುಡುಕುವುದರಲ್ಲಿ ಪುಡಿಗಿಂತ ಪೇಟೆಯ ದರವೇ ದೊಡ್ಡದು. `sangli turmeric rate today`, `sangli halad bajar bhav` ಅಂಥವು. ಹುಡುಕುವವನು ಕುಡಚಿಯ ಹೊಲದಲ್ಲಿ ನಿಂತಿರುವ ರೈತ ಅಥವಾ ಯಾರ್ಡಿನ ಅಡತಿ. ಅವನು ಕ್ವಿಂಟಲಿನ ಲೆಕ್ಕದಲ್ಲಿ ಮಾರಲು ಹೊರಟವನು, ಅರ್ಧ ಕಿಲೊ ಕೊಳ್ಳಲು ಬಂದವನಲ್ಲ. ಈ ಶಬ್ದ ಎಷ್ಟೇ ಜೋರಾಗಿ ಹರಿಯುತ್ತಿದ್ದರೂ ಪುಡಿ ಪೊಟ್ಟಣಕ್ಕೆ ಅದು ಒಣಗಿದ ಹಳ್ಳ. ಸ್ವಂತ ವೆಬ್‌ಸೈಟ್ ಇದ್ದು, ಅದರ ಗೂಗಲ್ ಸರ್ಚ್ ಕನ್ಸೋಲ್ ತೆಗೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಆ ಸಾಲಿನಲ್ಲಿ ಇಂಪ್ರೆಶನ್ ಸಾವಿರಗಟ್ಟಲೆ, ಕ್ಲಿಕ್ ಬೆರಳೆಣಿಕೆ. ಪುಟ ಕಾಣಿಸಿದೆ, ಆದರೆ ಬಂದವನು ಅಡುಗೆಯ ಪುಡಿಯನ್ನು ನೋಡಿ ದಾಟಿಹೋಗಿದ್ದಾನೆ.

ಊರಿನ ಹೆಸರಿನಲ್ಲಿ ಇನ್ನೂ ಒಂದು ಮುಳ್ಳಿದೆ. ಸಾಂಗ್ಲಿ ಅರಿಶಿನಕ್ಕೆ 2018ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಭೌಗೋಳಿಕ ಸೂಚನೆಯ ಹೆಸರು ಬಳಸುವ ಹಕ್ಕು ನೋಂದಣಿಯಲ್ಲಿ ಹೇಳಿದ ಪ್ರದೇಶದ ಮಾಲಿಗೆ ಮತ್ತು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರಿಗೆ. ಯಾರ್ಡಿಗೆ ಬರುವ ಮಾಲೆಲ್ಲ ಆ ಪ್ರದೇಶದ್ದಲ್ಲ. ನಮ್ಮ ಊಹೆಯ ಮಾಲೀಕರು ರಾಯಬಾಗದ ಕೊಂಬು ತಂದು ಕುಪವಾಡದಲ್ಲಿ ಪುಡಿ ಮಾಡಿದರೆ, ಟೈಟಲ್‌ನಲ್ಲಿ ‘ಸಾಂಗ್ಲಿ ಟರ್ಮರಿಕ್’ ಎನ್ನುವಂತಿಲ್ಲ. ವಿಳಾಸದಲ್ಲಿ ಎಂಐಡಿಸಿ ಬರುತ್ತದೆ, ಅಷ್ಟು ಸಾಕು. `lakadong` ಕೂಡ ಇದೇ ರೀತಿ ಮೇಘಾಲಯದವರ ಜಿಐ ಹೆಸರು. ಸಜೆಶನ್‌ನಲ್ಲಿ ಅದು ಮೇಲೇ ಬಂದರೂ ರಾಜಾಪುರಿ ಮಾರುವವನು ಅದನ್ನು ಟೈಟಲ್‌ಗೆ ಮುಟ್ಟಿಸಬಾರದು. `organic` ಶಬ್ದವೂ ಹಾಗೆಯೇ. ಆಹಾರಕ್ಕೆ ಸಾವಯವ ಎಂದು ಬರೆಯಲು ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಬೇಕು. 2017ರಿಂದ ಎಫ್‌ಎಸ್‌ಎಸ್‌ಎಐ ಇದಕ್ಕೆ ನಿಯಮವನ್ನೇ ಮಾಡಿದೆ. ಜನ ಹುಡುಕುತ್ತಾರೆ ಎನ್ನುವುದು ನಮಗೆ ಹೇಳುವ ಹಕ್ಕು ಕೊಡುವುದಿಲ್ಲ.

ಸಜೆಶನ್‌ನ ದೊಡ್ಡ ಕೊರತೆ ಅಂಕಿ ಇಲ್ಲದಿರುವುದು. ಮೇಲಿದೆ ಎಂದ ಮಾತ್ರಕ್ಕೆ ಹೆಚ್ಚು ಜನ ಹುಡುಕುತ್ತಾರೆಂದಲ್ಲ. ಗೂಗಲ್ ಆ್ಯಡ್ಸ್‌ನ ಕೀವರ್ಡ್ ಪ್ಲ್ಯಾನರ್ ಅಂದಾಜು ಸಂಖ್ಯೆ ಕೊಡುತ್ತದೆ, ಆದರೆ ಜಾಹೀರಾತಿಗೆ ಕಡಿಮೆ ಖರ್ಚು ಮಾಡುವವರಿಗೆ `1K – 10K` ಎಂಬಂಥ ಅಗಲವಾದ ಅಳತೆಯಲ್ಲಿ. ಸಾವಿರವೋ ಹತ್ತು ಸಾವಿರವೋ ಎಂದರೆ ಯಾರ್ಡಿನಲ್ಲಿ ಯಾವ ಅಡತಿಯೂ ಸೌದಾ ಮಾಡುವುದಿಲ್ಲ. ಅಮೆಜಾನಿನಲ್ಲಿ ಬ್ರ್ಯಾಂಡ್ ನೋಂದಾಯಿಸಿಕೊಂಡವರಿಗೆ ಬ್ರ್ಯಾಂಡ್ ಅನಾಲಿಟಿಕ್ಸ್ ಸಿಗುತ್ತದೆ. ಅದರಲ್ಲಿ ಒಂದು ಶಬ್ದ ಹುಡುಕಾಟದಲ್ಲಿ ಎಷ್ಟನೆಯ ಸ್ಥಾನದಲ್ಲಿದೆ, ಅದನ್ನು ಹುಡುಕಿದವರು ಯಾವ ಮೂರು ಮಾಲಿನ ಮೇಲೆ ಹೆಚ್ಚು ಕ್ಲಿಕ್ ಮಾಡಿದರು ಎಂಬುದಿದೆ. ಟ್ರೇಡ್‌ಮಾರ್ಕ್ ಇಲ್ಲದ ಸಣ್ಣ ಘಟಕಕ್ಕೆ ಅದು ಮುಚ್ಚಿದ ಬಾಗಿಲು. ಉಳಿಯುವುದು ಜಾಹೀರಾತಿನ ರಿಪೋರ್ಟ್.

ನಾನು ಸರ್ಚ್ ಟರ್ಮ್ ರಿಪೋರ್ಟನ್ನು ಮೊದಲು ಶಬ್ದ ತಿಳಿಯಲು ಕೊಳ್ಳುವ ಮಾಹಿತಿ ಎಂದು ನೋಡುತ್ತೇನೆ, ಆಮೇಲೆ ಮಾರಾಟಕ್ಕೆ ಮಾಡುವ ಜಾಹೀರಾತು ಎಂದು. ಅಮೆಜಾನಿನಲ್ಲಿ ಸ್ಪಾನ್ಸರ್ಡ್ ಪ್ರಾಡಕ್ಟ್ಸ್‌ನ ಆಟೊಮ್ಯಾಟಿಕ್ ಕ್ಯಾಂಪೇನ್ ಎಂಬುದಿದೆ. ಅದರಲ್ಲಿ ನೀವು ಯಾವ ಶಬ್ದವನ್ನೂ ಕೊಡುವುದಿಲ್ಲ. ನಿಮ್ಮ ಪುಟವನ್ನು ಓದಿ ಅಮೆಜಾನೇ ಯಾರಿಗೆ ತೋರಿಸಬೇಕೆಂದು ನಿರ್ಧರಿಸುತ್ತದೆ. ಹತ್ತಿರದ ಹೊಂದಿಕೆ, ಸಡಿಲ ಹೊಂದಿಕೆ, ಬದಲಿ ಮಾಲು, ಜೊತೆಗೆ ಕೊಳ್ಳುವ ಮಾಲು ಎಂಬ ನಾಲ್ಕು ಬಗೆಯಲ್ಲಿ. ನಾಲ್ಕು ವಾರ ಸಣ್ಣ ದಿನಖರ್ಚಿಗೆ ಬಿಟ್ಟರೆ, ಕೊನೆಗೆ ರಿಪೋರ್ಟ್ ಇಳಿಸಿಕೊಳ್ಳಬಹುದು. ಅದರಲ್ಲಿ `Customer Search Term` ಎಂಬ ಕಾಲಂ ಇದೆ. ಅದೇ ಗಿರಾಕಿಯ ಬಾಯಿ. ಪಕ್ಕದಲ್ಲಿ ಇಂಪ್ರೆಶನ್, ಕ್ಲಿಕ್, ಖರ್ಚು, ಏಳು ದಿನದೊಳಗೆ ಬಂದ ಆರ್ಡರ್. ಕ್ಲಿಕ್ ಆಗದ ಶಬ್ದ ಇದರಲ್ಲಿ ಬರುವುದಿಲ್ಲ ಎಂಬುದು ನೆನಪಿರಲಿ.

ಮೊದಲ ಸಲ ತೆರೆದವರು `b0` ಎಂದು ಶುರುವಾಗುವ ಹತ್ತಕ್ಷರದ ಸಾಲುಗಳನ್ನು ನೋಡಿ ಗಾಬರಿಯಾಗುತ್ತಾರೆ. ಅವು ಯಾರೂ ಒತ್ತಿದ ಶಬ್ದಗಳಲ್ಲ, ಬೇರೆ ಮಾಲಿನ ಅಮೆಜಾನ್ ನಂಬರು. ಆ ಮಾಲಿನ ಪುಟದ ಮೇಲೆ ನಿಮ್ಮ ಜಾಹೀರಾತು ಕಂಡಿದೆ ಎಂದಷ್ಟೇ ಅರ್ಥ. ಶಬ್ದ ಹುಡುಕುವಾಗ ಅವನ್ನು ಬದಿಗಿಡಬೇಕು.

ನಮ್ಮ ಊಹೆಯ ಘಟಕದ ನಾಲ್ಕು ವಾರದ ರಿಪೋರ್ಟಿನಲ್ಲಿ ಐದು ಸಾಲು ನೋಡೋಣ. ಕ್ಲಿಕ್ಕಿಗೆ ಆರು ರೂಪಾಯಿ ಬಿದ್ದಿದೆ ಎಂದಿಟ್ಟುಕೊಳ್ಳಿ.

```
haldi powder 1kg     96 clicks   1 order
haldi for face       90 clicks   0 order
haldi powder 500g    60 clicks   5 orders
rajapuri haldi       21 clicks   3 orders
arishina powder       9 clicks   1 order
```

ಮೊದಲ ಸಾಲು ನೋಡಿ. ಒಂದು ಕಿಲೊ ಹುಡುಕಿದವರು ತೊಂಬತ್ತಾರು ಜನ ಬಂದಿದ್ದಾರೆ, 576 ರೂಪಾಯಿ ಖರ್ಚಾಗಿದೆ, ಬಂದದ್ದು 180 ರೂಪಾಯಿಯ ಒಂದು ಆರ್ಡರ್. ಇದನ್ನು ನೋಡಿದ ಕೂಡಲೇ ‘1kg’ ಎಂದು ಟೈಟಲ್‌ನಲ್ಲಿ ಸೇರಿಸಿ ಎನ್ನುವ ಸಲಹೆಗಾರರು ಸಿಗುತ್ತಾರೆ. ಅರ್ಧ ಕಿಲೊ ಪೊಟ್ಟಣದ ಮೇಲೆ ಒಂದು ಕಿಲೊ ಎಂದು ಬರೆದರೆ ಮಾಲು ಮರಳಿ ಬರುತ್ತದೆ, ಕೆಟ್ಟ ರೇಟಿಂಗೂ ಜೊತೆಗೆ ಬರುತ್ತದೆ. ಈ ಸಾಲು ಟೈಟಲ್‌ಗೆ ಶಬ್ದ ಕೊಡುತ್ತಿಲ್ಲ. ಇದು ಮಾಲೀಕರಿಗೆ ಬೇರೆ ಮಾತು ಹೇಳುತ್ತಿದೆ: ಎರಡು ಪೊಟ್ಟಣ ಜೋಡಿಸಿ ಒಂದು ಕಿಲೊದ ಬೇರೆ ಲಿಸ್ಟಿಂಗ್ ಮಾಡಿ, ಇವರು ಅಲ್ಲಿಗೆ ಹೋಗುತ್ತಾರೆ. ಅದು ಆಗುವವರೆಗೆ `1kg` ಅನ್ನು ನೆಗೆಟಿವ್ ಕೀವರ್ಡ್ ಮಾಡಿ ದುಡ್ಡು ಉಳಿಸಬೇಕು.

ಎರಡನೆಯ ಸಾಲಿನಲ್ಲಿ ಮಾಲೇ ಬೇರೆ. ಮುಖಕ್ಕೆ ಹಚ್ಚಲು ಹುಡುಕುವವರು ಬಹಳ ಸಲ ಮನಸ್ಸಿನಲ್ಲಿಟ್ಟುಕೊಂಡಿರುವುದು ಕಸ್ತೂರಿ ಅರಿಶಿನ. ಅದು ಬೇರೆಯೇ ಗಿಡ, ಕರ್ಕುಮಾ ಅರೋಮ್ಯಾಟಿಕಾ. ಅಡುಗೆಯದು ಕರ್ಕುಮಾ ಲೋಂಗಾ. ಮುಖಕ್ಕೆ ರಾಜಾಪುರಿ ಹಚ್ಚಿಕೊಂಡರೆ ಹಳದಿ ಬಣ್ಣ ಬಿಡುವುದಿಲ್ಲವೆಂದು ಕಸ್ತೂರಿಯನ್ನೇ ಕೇಳುತ್ತಾರೆ. ತೊಂಬತ್ತು ಕ್ಲಿಕ್ಕು, ಸೊನ್ನೆ ಆರ್ಡರ್, 540 ರೂಪಾಯಿ. ಇಲ್ಲಿ ಮಾಲೀಕರು ಕೇಳಬಹುದು: “ಇನ್ನೊಂದೆಂಟು ದಿನ ನೋಡೋಣಲ್ಲೊ, ನಾಳೆ ಯಾರರ ತಗೋಬಹುದು.” ಇದಕ್ಕೆ ಲೆಕ್ಕದ ಉತ್ತರವಿದೆ.

ಐದೂ ಸಾಲು ಕೂಡಿದರೆ 276 ಕ್ಲಿಕ್ಕಿಗೆ 10 ಆರ್ಡರ್. ನೂರಕ್ಕೆ ಸುಮಾರು ನಾಲ್ಕು ಎಂದುಕೊಳ್ಳಿ. ಒಂದು ಶಬ್ದವೂ ಈ ಸರಾಸರಿಯಂತೆಯೇ ಮಾರುವುದಾದರೆ, ಇಪ್ಪತ್ತು ಕ್ಲಿಕ್ಕಿನಲ್ಲಿ ಒಂದೂ ಆರ್ಡರ್ ಬರದಿರುವ ಸಂಭವ 0.96ನ್ನು ಇಪ್ಪತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.44. ನೂರರಲ್ಲಿ ನಲವತ್ತನಾಲ್ಕು ಸಲ ಒಳ್ಳೆಯ ಶಬ್ದವೂ ಇಪ್ಪತ್ತು ಕ್ಲಿಕ್ಕಿನಲ್ಲಿ ಖಾಲಿ ಕೈಯಲ್ಲಿ ನಿಂತಿರುತ್ತದೆ. ಹಾಗಾಗಿ ಇಪ್ಪತ್ತಕ್ಕೇ ತೀರ್ಪು ಕೊಡುವುದು ಆತುರ. ಆದರೆ ತೊಂಬತ್ತು ಕ್ಲಿಕ್ಕಿನಲ್ಲಿ ಸೊನ್ನೆ ಬರುವ ಸಂಭವ ನೂರಕ್ಕೆ ಎರಡೂವರೆ. ಇಷ್ಟಾದ ಮೇಲೂ ಕಾಯುವುದು ಹಣ ಸುರಿಯುವುದೇ. `face` ಶಬ್ದವನ್ನು ಟೈಟಲ್‌ನಿಂದ, ಡಿಸ್ಕ್ರಿಪ್ಷನ್‌ನಿಂದ, ಜಾಹೀರಾತಿನಿಂದ ಮೂರೂ ಕಡೆಯಿಂದ ದೂರವಿಡಬೇಕು. ಸಜೆಶನ್ ಪಟ್ಟಿಯಲ್ಲಿ ಇದು ಮೇಲಿದ್ದ ಶಬ್ದ ಎಂಬುದು ಗಮನಿಸಬೇಕಾದ ವಿಷಯ.

ಈ ಲೆಕ್ಕವೇ `rajapuri haldi`ಗೂ ಅನ್ವಯಿಸುತ್ತದೆ. ಇಪ್ಪತ್ತೊಂದು ಕ್ಲಿಕ್ಕಿಗೆ ಮೂರು ಆರ್ಡರ್, ಆರ್ಡರಿಗೆ 42 ರೂಪಾಯಿ ಜಾಹೀರಾತು ಖರ್ಚು. `500g` ಸಾಲಿನಲ್ಲಿ ಅದು 72. ರಾಜಾಪುರಿ ಗೆದ್ದಿತು ಎಂದು ಕೂಗಬಾರದು, ಇಪ್ಪತ್ತೊಂದು ಸಣ್ಣ ಸಂಖ್ಯೆ. ಆದರೂ ಹೆಸರು ಹೇಳಿ ಕೇಳುವವನು ಕೊಳ್ಳುವವನು ಎಂಬುದು ಪೇಟೆಯ ಹಳೆಯ ಅನುಭವ. ಮಾಲೀಕರ ವ್ಯಾಪಾರದ ಮಾತುಗಳಲ್ಲಿ ಒಂದಾದರೂ ಗಿರಾಕಿಯ ಬಾಯಲ್ಲೂ ಇದೆ ಎಂದು ತಿಳಿದದ್ದು ಈ ರಿಪೋರ್ಟಿನ ಲಾಭ. ಡಬಲ್ ಪಾಲಿಶ್ ಮಾತ್ರ ಎಲ್ಲೂ ಬರಲಿಲ್ಲ. `arishina powder` ಒಂಬತ್ತೇ ಕ್ಲಿಕ್ಕು, ಅದರಿಂದ ಏನೂ ತೀರ್ಮಾನಿಸಲಾಗದು. ಅದನ್ನು ಕಳೆಯುವುದೂ ಬೇಡ, ಟೈಟಲ್‌ಗೆ ಹತ್ತಿಸುವುದೂ ಬೇಡ.

ಹಾಗಾದರೆ ಟೈಟಲ್? ಬ್ರ್ಯಾಂಡ್ ಹೆಸರಿನ ನಂತರ ಹೀಗೆ:

```
Rajapuri Haldi Powder (Turmeric) for Cooking, 500 g
```

ಫೋನಿನಲ್ಲಿ ಟೈಟಲ್‌ನ ಮೊದಲ ಭಾಗವಷ್ಟೇ ಕಾಣುತ್ತದೆ, ಹಾಗಾಗಿ ಮಾರಿಸಿದ ಶಬ್ದಗಳು ಮುಂದೆ. `for Cooking` ಎಂಬುದು ಹುಡುಕಾಟ ಹಿಡಿಯುವುದಕ್ಕಿಂತ ಹೆಚ್ಚಾಗಿ ಮುಖಕ್ಕೆ ಬಂದವರನ್ನು ಕ್ಲಿಕ್ಕಿಗೆ ಮೊದಲೇ ಮರಳಿಸಲು. ಕ್ಲಿಕ್ಕಿಗೆ ದುಡ್ಡು ಕೊಡುವವನಿಗೆ ಬೇಡದ ಗಿರಾಕಿ ಬಾಗಿಲಲ್ಲೇ ತಿರುಗಿದರೆ ಅದೂ ಉಳಿತಾಯ. `BEST`, `PREMIUM` ಹೋದವು. ಹುಡುಕುವವರೂ ಇಲ್ಲ, ಅಮೆಜಾನಿನ ಟೈಟಲ್ ನಿಯಮಕ್ಕೂ ಅವು ಹಿಡಿಸುವುದಿಲ್ಲ. `grinded` ಎಂಬ ಕಾಗುಣಿತ ಕೂಡ ಹೋಯಿತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಡಿಸ್ಕ್ರಿಪ್ಷನ್‌ನ ಕೆಲಸ ಬೇರೆ. ಇಲ್ಲಿಗೆ ಹೋಗುವುದು ಸಂಶಯದ ಶಬ್ದಗಳು. `without colour`, `pure` ಎಂದು ಹುಡುಕಿದವರ ಹಿಂದೆ ಒಂದು ನಿಜವಾದ ಹೆದರಿಕೆ ಇದೆ. ಹಳದಿ ಹೊಳಪು ಬರಲೆಂದು ಅರಿಶಿನಕ್ಕೆ ಲೆಡ್ ಕ್ರೊಮೇಟ್ ಬೆರೆಸುವ ಕಲಬೆರಕೆ ಹಳೆಯದು. ಅದರಲ್ಲಿ ಸೀಸವಿದೆ. ಎಫ್‌ಎಸ್‌ಎಸ್‌ಎಐ ಮಾನದಂಡದಲ್ಲಿ ಅರಿಶಿನ ಪುಡಿಗೆ ಲೆಡ್ ಕ್ರೊಮೇಟ್ ಪರೀಕ್ಷೆ ನೆಗೆಟಿವ್ ಬರಲೇಬೇಕು. ‘ಶುದ್ಧ’ ಎಂದು ಮೂರು ಸಲ ಬರೆಯುವ ಬದಲು, ‘ಬಣ್ಣ ಸೇರಿಸಿಲ್ಲ, ಪ್ರತಿ ಬ್ಯಾಚನ್ನು ಲೆಡ್ ಕ್ರೊಮೇಟ್‌ಗೆ ಪರೀಕ್ಷೆ ಮಾಡಿಸಿದೆ’ ಎಂದು ಒಂದು ಸಲ ಬರೆದರೆ ಹುಡುಕಿದ ಶಬ್ದವೂ ಬಂತು, ಉತ್ತರವೂ ಬಂತು. ಪರೀಕ್ಷೆ ಮಾಡಿಸಿದ್ದರೆ ಮಾತ್ರ, ಅದನ್ನು ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ. ‘ಕೊಂಬು’, ‘ಪಾಲಿಶ್’, ‘ಗಡ್ಡೆ ಬಳಸಿಲ್ಲ’ ಎಂಬ ಮಾತುಗಳೂ ಇಲ್ಲಿ ಬರಬಹುದು. ಟೈಟಲ್‌ನಲ್ಲಿ ಭಾರವಾದದ್ದು ವಿವರಣೆಯಲ್ಲಿ ವಿಶ್ವಾಸ ಹುಟ್ಟಿಸುತ್ತದೆ. ಇನ್ನು ಸಕ್ಕರೆ ಕಾಯಿಲೆಗೆ, ಕ್ಯಾನ್ಸರಿಗೆ ಅರಿಶಿನ ಎಂದು ಹುಡುಕುವವರಿಗೂ ಕೊರತೆಯಿಲ್ಲ. ಆ ಶಬ್ದಗಳು ಡಿಸ್ಕ್ರಿಪ್ಷನ್‌ಗೆ ಬಂದರೆ ಕಾನೂನಿನ ಕೈಗೆ ಸಿಗುತ್ತೀರಿ. ಇಂಥ ರೋಗಗಳಿಗೆ ಮದ್ದೆಂದು ಜಾಹೀರಾತು ಮಾಡುವುದನ್ನು ತಡೆಯುವ ಕಾನೂನು 1954ರಿಂದ ಇದೆ.

ಮೂರನೆಯ ಜಾಗವೊಂದಿದೆ, ಗಿರಾಕಿಗೆ ಕಾಣದ್ದು. ಅಮೆಜಾನಿನ ಬ್ಯಾಕೆಂಡಿನಲ್ಲಿ `Search Terms` ಎಂಬ ಖಾನೆ. ಟೈಟಲ್‌ನಲ್ಲಿ ಹಿಡಿಸದ, ಆದರೆ ಯಾರಾದರೂ ಒತ್ತಬಹುದಾದ ಶಬ್ದಗಳು ಇಲ್ಲಿ: `arishina arisina halad manjal pasupu`. ಕಾಮಾ ಬೇಡ, ಟೈಟಲ್‌ನ ಶಬ್ದ ಮತ್ತೆ ಬೇಡ, ಬೇರೆಯವರ ಬ್ರ್ಯಾಂಡ್ ಹೆಸರು ಬೇಡವೇ ಬೇಡ. ಇದರ ಮಿತಿ ಅಕ್ಷರದಲ್ಲಿಲ್ಲ, ಬೈಟ್‌ನಲ್ಲಿದೆ. ಭಾರತದಲ್ಲಿ 200 ಬೈಟ್ ಒಳಗೆ ಇಟ್ಟುಕೊಳ್ಳುವುದು ಸುರಕ್ಷಿತ. ಕನ್ನಡದವರಿಗೆ ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್. `arishina pudi` 13 ಬೈಟ್‌ನಲ್ಲಿ ಮುಗಿಯುತ್ತದೆ. ‘ಅರಿಶಿನ ಪುಡಿ’ಯಲ್ಲಿ ‘ಅರಿಶಿನ’ಕ್ಕೆ ಆರು ಗುರುತು, ‘ಪುಡಿ’ಗೆ ನಾಲ್ಕು, ನಡುವೆ ಒಂದು ಸ್ಪೇಸ್, ಒಟ್ಟು 31 ಬೈಟ್. ಹತ್ತು ಕನ್ನಡ ಶಬ್ದ ಹಾಕುವಷ್ಟರಲ್ಲಿ ಖಾನೆ ತುಂಬಿರುತ್ತದೆ. ಮಿತಿ ದಾಟಿದರೆ ಇಡೀ ಸಾಲೇ ಲೆಕ್ಕಕ್ಕೆ ಬಾರದಿರುವ ಅಪಾಯವೂ ಇದೆ. ನನ್ನ ಅಭಿಪ್ರಾಯದಲ್ಲಿ ಕನ್ನಡ ಲಿಪಿಯ ಒಂದು ಶಬ್ದ ಇರಲಿ, ಉಳಿದದ್ದು ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದ ಗಿರಾಕಿಗಳು ಬಹುಪಾಲು ಒತ್ತುವುದೂ ಹಾಗೆಯೇ.

ಅಮೆಜಾನಿನ ಈ ಖಾನೆಯನ್ನು ನೋಡಿ ಸ್ವಂತ ವೆಬ್‌ಸೈಟಿನಲ್ಲೂ ಹಾಗೇ ಮಾಡಲು ಹೋಗುವವರಿದ್ದಾರೆ. ಪುಟದ ಹಿಂದೆ `keywords` ಮೆಟಾ ಟ್ಯಾಗಿನಲ್ಲಿ ಐವತ್ತು ಶಬ್ದ ತುಂಬಿಸುವುದು. ಗೂಗಲ್ 2009ರಲ್ಲೇ ತಾನು ಅದನ್ನು ರ‍್ಯಾಂಕಿಂಗ್‌ಗೆ ನೋಡುವುದಿಲ್ಲವೆಂದು ಹೇಳಿದೆ. ಅಲ್ಲಿ ಕೆಲಸಕ್ಕೆ ಬರುವುದು ಪುಟದ ಟೈಟಲ್ ಮತ್ತು ಒಳಗಿನ ಬರಹ. ಮೆಟಾ ಡಿಸ್ಕ್ರಿಪ್ಷನ್ ಸ್ಥಾನ ಏರಿಸುವುದಿಲ್ಲ, ಆದರೆ ಫಲಿತಾಂಶದ ಕೆಳಗಿನ ಎರಡು ಸಾಲಾಗಿ ಕಾಣಬಹುದು. ಗೂಗಲ್ ತನಗೆ ಬೇಕಾದಾಗ ಪುಟದೊಳಗಿನ ಬೇರೆ ಸಾಲನ್ನೇ ಎತ್ತಿ ತೋರಿಸುತ್ತದೆ, ಟೈಟಲ್ಲನ್ನೂ ಬದಲಾಯಿಸುತ್ತದೆ. ಸರ್ಚ್ ಕನ್ಸೋಲಿನ ಪರ್ಫಾರ್ಮೆನ್ಸ್ ಪುಟದಲ್ಲಿ ಹದಿನಾರು ತಿಂಗಳಿನ ಹುಡುಕಾಟ ಸಿಗುತ್ತದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ತುಂಬ ಕಡಿಮೆ ಜನ ಹುಡುಕಿದ ಶಬ್ದಗಳನ್ನು ಖಾಸಗಿತನದ ಕಾರಣಕ್ಕೆ ಅದು ಅಡಗಿಸುತ್ತದೆ. ಗೂಗಲ್ ಆ್ಯಡ್ಸ್‌ನ ಸರ್ಚ್ ಟರ್ಮ್ಸ್ ರಿಪೋರ್ಟ್ ಕೂಡ 2020ರ ಸೆಪ್ಟೆಂಬರಿನಿಂದ ಹಾಗೆಯೇ. ದುಡ್ಡು ಹೋಗಿರುತ್ತದೆ, ಶಬ್ದ ತೋರುವುದಿಲ್ಲ. ಕುಪವಾಡದ ಸಣ್ಣ ಘಟಕಕ್ಕೆ ಬರುವ ಹುಡುಕಾಟದಲ್ಲಿ ಇಂಥವೇ ಹೆಚ್ಚು. ಒಟ್ಟು ಕ್ಲಿಕ್ಕಿಗೂ ಸಾಲುಸಾಲಿನ ಕ್ಲಿಕ್ ಕೂಡಿದ ಮೊತ್ತಕ್ಕೂ ಇರುವ ವ್ಯತ್ಯಾಸ ನೋಡಿದರೆ ಎಷ್ಟು ಅಡಗಿದೆ ಎಂದು ಗೊತ್ತಾಗುತ್ತದೆ.

ಟೈಟಲ್ ಬದಲಿಸಿದ ಮೇಲೆ ಒಂದು ತಿಂಗಳು ಕೈಕಟ್ಟಿ ಕೂಡುವುದು ಕಷ್ಟ. ಅದೇ ವಾರ ಬೆಲೆಯನ್ನೂ ಇಳಿಸಿ, ಫೋಟೊವನ್ನೂ ಬದಲಿಸಿ, ಜಾಹೀರಾತಿಗೆ ಹೆಚ್ಚು ಹಾಕಿದರೆ ಆರ್ಡರ್ ಏರಿದ್ದು ಯಾವುದರಿಂದ ಎಂದು ಯಾರಿಗೂ ತಿಳಿಯದು. ಒಂದನ್ನೇ ಬದಲಿಸಿ, ತಾರೀಖು ಬರೆದು, ಇನ್ನು ನಾಲ್ಕು ವಾರದ ನಂತರ ಅದೇ ರಿಪೋರ್ಟನ್ನು ಮತ್ತೆ ಇಳಿಸಬೇಕು. ಆಗ ನೋಡಬೇಕಾದದ್ದು ಮೂರು ಸಂಗತಿ. `face` ಎಂಬುದು ಇರುವ ಸಾಲುಗಳಲ್ಲಿ ಕ್ಲಿಕ್ ಇಳಿಯಿತೇ? `rajapuri`ಯಲ್ಲಿ ಕ್ಲಿಕ್ ಇಪ್ಪತ್ತೊಂದರಿಂದ ಮೇಲೆ ಹೋದರೂ ಆರ್ಡರಿನ ಪ್ರಮಾಣ ಹಾಗೇ ನಿಂತಿದೆಯೇ? ಮತ್ತು ಒಂಬತ್ತು ಕ್ಲಿಕ್ಕಿನ `arishina` ಬೆಳೆಯಿತೇ? ಬೆಳೆದರೆ ಬೆಂಗಳೂರು, ಹುಬ್ಬಳ್ಳಿಯ ಗಿರಾಕಿ ಅಮೆಜಾನಿನಲ್ಲೂ ಅರಿಶಿನ ಎಂದೇ ಕೇಳುತ್ತಿದ್ದಾರೆ ಎಂದಾಯಿತು. ಆಗ `arishina` ಬ್ಯಾಕೆಂಡಿನ ಖಾನೆಯಿಂದ ಎದ್ದು ಟೈಟಲ್‌ನ ಕಂಸದೊಳಗೆ, `Turmeric` ಪಕ್ಕಕ್ಕೆ ಬರುತ್ತದೆ. ಇಲ್ಲವಾದರೆ ಅಲ್ಲೇ ಎಂಟು ಬೈಟ್ ಹಿಡಿದುಕೊಂಡು ಕೂತಿರಲಿ.